ಹವ್ಯಾಸಿ ಗುಂಪಿಗೆ ನಿಯಮ ಬರೆಯುವುದು: ಗೂಡಿನ ಫೋಟೋ ಇಟ್ಟುಕೊಂಡು ಒಂದು ಅಭ್ಯಾಸ

ಹಕ್ಕಿ ಫೋಟೋ ತೆಗೆಯುವವರ ಗುಂಪು ಒಂದಿದೆ ಅಂದುಕೊಳ್ಳಿ. ಅದರ ಪುಟದಲ್ಲಿ ಹದಿನೆಂಟು ನಿಯಮಗಳಿವೆ. ಏಳನೆಯದು ಹೀಗಿದೆ:

> ಸದಸ್ಯರು ನೈತಿಕ ಛಾಯಾಗ್ರಹಣದ ಮೌಲ್ಯಗಳಿಗೆ ಬದ್ಧರಾಗಿರತಕ್ಕದ್ದು. ಉಲ್ಲಂಘಿಸಿದವರ ವಿರುದ್ಧ ಯಾವುದೇ ಮುನ್ಸೂಚನೆಯಿಲ್ಲದೆ ಕಠಿಣ ಕ್ರಮ ಕೈಗೊಳ್ಳಲಾಗುವುದು.

ಓದಿದರೆ ಭಯ ಆಗುತ್ತದೆ, ಆದರೆ ಏನು ಮಾಡಬಾರದು ಅಂತ ಗೊತ್ತಾಗುವುದಿಲ್ಲ. ಹಳಬರಿಗೆ ಇದರ ಅರ್ಥ ಗೊತ್ತು: ಗೂಡಿನ ಫೋಟೋ ಹಾಕಬೇಡಿ ಅಂತ. ನಿನ್ನೆ ಸೇರಿದವರಿಗೆ ಅದು ಹೇಗೆ ಗೊತ್ತಾಗಬೇಕು? ಮನೆಯ ಹೂಕುಂಡದಲ್ಲಿ ಹಕ್ಕಿ ಗೂಡು ಕಟ್ಟಿದೆ, ಮರಿ ಬಾಯಿ ತೆರೆದುಕೊಂಡು ಕೂತಿದೆ. ಅವರು ಖುಷಿಯಿಂದ ಫೋಟೋ ಹಾಕುತ್ತಾರೆ. ಹತ್ತು ನಿಮಿಷದಲ್ಲಿ ಐದು ಜನ ಬೈಯುತ್ತಾರೆ. ಅವರು ಗುಂಪು ಬಿಟ್ಟು ಹೋಗುತ್ತಾರೆ. ನಿಯಮ ಕಠಿಣವಾಗಿತ್ತು, ಆದರೆ ಗಟ್ಟಿಯಾಗಿರಲಿಲ್ಲ. ಈ ಒಂದು ನಿಯಮವನ್ನೇ ಬಿಡಿಸಿ ಮತ್ತೆ ಕಟ್ಟಿ ನೋಡೋಣ. ಇದು ಸರಿಹೋದರೆ ಉಳಿದವಕ್ಕೂ ಅದೇ ದಾರಿ.

ಗೆರೆ ಎಲ್ಲಿ ಎಳೆಯಬೇಕು

ಬರೆಯುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ನಾಲ್ಕು ಫೋಟೋ ಆರಿಸಿ. ಒಂದರಲ್ಲಿ ಗೂಡು, ಅದರಲ್ಲಿ ಮರಿಗಳು. ಇನ್ನೊಂದರಲ್ಲಿ ಹಳೆಯ ಖಾಲಿ ಗೂಡು. ಮೂರನೆಯದರಲ್ಲಿ ಗೂಡಿನಿಂದ ಹೊರಬಂದು ಕೊಂಬೆಯ ಮೇಲೆ ಕೂತಿರುವ ಮರಿ. ನಾಲ್ಕನೆಯದರಲ್ಲಿ ಮರದ ಪೊಟರೆಯ ಬಾಯಲ್ಲಿ ಇಣುಕುತ್ತಿರುವ ಹಕ್ಕಿ. ಇಬ್ಬರು ಅಡ್ಮಿನ್‌ಗಳಿಗೆ ಬೇರೆ ಬೇರೆಯಾಗಿ ಕಳಿಸಿ, ಯಾವುದನ್ನು ಇಟ್ಟುಕೊಳ್ಳುತ್ತೀರಿ, ಯಾವುದನ್ನು ತೆಗೆಯುತ್ತೀರಿ ಅಂತ ಕೇಳಿ. ಉತ್ತರ ಬೇರೆ ಬೇರೆ ಬಂದರೆ ನಿಯಮ ಇನ್ನೂ ಆಗಿಲ್ಲ ಅಂತ ಅರ್ಥ. ಅದು ಬರೀ ಆಸೆ. ಮೊದಲನೆಯದರ ಬಗ್ಗೆ ಸಾಮಾನ್ಯವಾಗಿ ಜಗಳವಿರುವುದಿಲ್ಲ. ಗೊಂದಲ ಹುಟ್ಟುವುದು ಕೊನೆಯ ಎರಡರಲ್ಲಿ.

ಆಮೇಲೆ ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ: "ನಾನು ದೂರದಿಂದ, 600 ಎಂಎಂ ಲೆನ್ಸ್‌ನಲ್ಲಿ ತೆಗೆದಿದ್ದು. ಹಕ್ಕಿಗೆ ತೊಂದರೆಯೇ ಆಗಿಲ್ಲ. ಯಾಕೆ ಬೇಡ?" ನ್ಯಾಯವಾದ ಪ್ರಶ್ನೆ. ಅವರು ನಿಜವೇ ಹೇಳುತ್ತಿರಬಹುದು. ಆದರೆ ಫೋಟೋ ನೋಡಿ ದೂರ ಅಳೆಯಲು ಅಡ್ಮಿನ್‌ಗೆ ಆಗುವುದಿಲ್ಲ. ಹತ್ತಿರದಿಂದ ಮೊಬೈಲ್‌ನಲ್ಲಿ ತೆಗೆದು ಹಾಗೇ ಹೇಳುವವರೂ ಇರುತ್ತಾರೆ. ಹಾಗಾಗಿ "ತೊಂದರೆ ಆಗದಂತೆ ತೆಗೆಯಿರಿ" ಎಂಬ ನಿಯಮವನ್ನು ಜಾರಿ ಮಾಡಲು ಸಾಧ್ಯವೇ ಇಲ್ಲ. ಪ್ರತಿ ಸಲ ವಾದ, ಪ್ರತಿ ಸಲ ಮುನಿಸು.

ನಾನು ಈ ವಿಷಯದಲ್ಲಿ ಮುಖ್ಯ ಅಂತ ಬರೆದಿಟ್ಟುಕೊಂಡಿದ್ದು ಇದನ್ನೇ: ಅಡ್ಮಿನ್ ಕಣ್ಣಿಗೆ ಕಾಣುವುದರ ಮೇಲೆ ಗೆರೆ ಎಳೆಯಬೇಕು. ದೂರ ಕಾಣುವುದಿಲ್ಲ, ಉದ್ದೇಶ ಕಾಣುವುದಿಲ್ಲ. ಗೂಡಿನಲ್ಲಿ ಮೊಟ್ಟೆ, ಮರಿ ಇದೆಯೋ ಇಲ್ಲವೋ ಅನ್ನುವುದು ಕಾಣುತ್ತದೆ. ಇದರಿಂದ ಕೆಲವು ನಿರುಪದ್ರವಿ ಫೋಟೋಗಳೂ ಹೊರಗುಳಿಯುತ್ತವೆ, ನಿಜ. ಆ ಬೆಲೆ ಕೊಡಲು ಗುಂಪು ಸಿದ್ಧವಿದೆಯಾ ಅಂತ ಮೊದಲೇ ಮಾತಾಡಿಕೊಳ್ಳಿ. ಸಿದ್ಧವಿಲ್ಲದಿದ್ದರೆ ನಿಯಮವೇ ಬೇಡ, ಸಲಹೆಯಾಗಿ ಇಟ್ಟುಕೊಳ್ಳಿ.

ಇದೇ ಕಾರಣಕ್ಕೆ ಹದಿನೆಂಟರಲ್ಲಿ ಹಲವು ನಿಯಮಗಳು ತಾವಾಗೇ ಉದುರಿಹೋಗುತ್ತವೆ. "ಹಕ್ಕಿ ಕೂಗಿನ ಧ್ವನಿಮುದ್ರಣ ಹಾಕಿ ಹಕ್ಕಿ ಕರೆಯಬೇಡಿ" ಎಂಬುದು ಒಳ್ಳೆಯ ಮಾತೇ. ಆದರೆ ಹಾಗೆ ಕರೆದು ತೆಗೆದ ಫೋಟೋಗೂ ಸುಮ್ನೆ ಕಾದು ತೆಗೆದ ಫೋಟೋಗೂ ನೋಡಲು ವ್ಯತ್ಯಾಸವಿರುವುದಿಲ್ಲ. ಅದು ನಿಯಮಗಳ ಪಟ್ಟಿಯಲ್ಲಿ ಕೂರಬಾರದು. ಹೊರಗೆ ಹೋದಾಗ ಹೇಗಿರಬೇಕು ಎಂಬ ಬೇರೆ ಬರಹದಲ್ಲಿ ಬರಲಿ.

ನಿಯಮದ ನಾಲ್ಕು ತುಂಡು

ಈಗ ಏಳನೆಯ ನಿಯಮವನ್ನು ಹೊಸದಾಗಿ ಬರೆಯೋಣ:

> ಮೊಟ್ಟೆ ಅಥವಾ ಮರಿ ಇರುವ ಗೂಡಿನ ಫೋಟೋ ಹಾಕಬೇಡಿ, ಪೊಟರೆಯ ಗೂಡೂ ಸೇರಿ. ಜನ ಹತ್ತಿರ ಹೋದರೆ ಹಕ್ಕಿ ಗೂಡು ಬಿಟ್ಟು ಹೋಗಬಹುದು. ಗೂಡಿನಿಂದ ಹೊರಬಂದ ಮರಿ, ಖಾಲಿ ಗೂಡು: ಇವನ್ನು ಹಾಕಬಹುದು. ಗೊತ್ತಿಲ್ಲದೆ ಹಾಕಿದ್ದರೆ ನಾವು ತೆಗೆದು, ನಿಮಗೆ ಮೆಸೇಜ್ ಮಾಡುತ್ತೇವೆ.

ಮೊದಲ ವಾಕ್ಯ ಕೆಲಸವನ್ನು ಹೇಳುತ್ತದೆ, ಎರಡನೆಯದು ಕಾರಣ ಹೇಳುತ್ತದೆ. ಮೂರನೆಯದು ಬದಲಿಗೆ ಏನು ಮಾಡಬಹುದು ಅನ್ನುತ್ತದೆ, ನಾಲ್ಕನೆಯದು ತಪ್ಪಾದರೆ ಏನಾಗುತ್ತದೆ ಅನ್ನುತ್ತದೆ. ಹೊಸಬರಿಗೆ ಹೆಚ್ಚು ಬೇಕಾಗುವುದು ಮೂರು ಮತ್ತು ನಾಲ್ಕು. ಸಾಮಾನ್ಯವಾಗಿ ಬಿಟ್ಟುಹೋಗುವುದೂ ಅವೇ.

ಕಾರಣಕ್ಕೆ ಒಂದೇ ವಾಕ್ಯ ಸಾಕು. ಕಾರಣ ಗೊತ್ತಿದ್ದರೆ ಪಟ್ಟಿಯಲ್ಲಿಲ್ಲದ ಸಂದರ್ಭದಲ್ಲೂ ಜನ ತಾವೇ ಯೋಚಿಸುತ್ತಾರೆ. ಆದರೆ ಒಂದು ಪ್ಯಾರಾ ಕಾರಣ ಬರೆದರೆ ನಿಯಮವೇ ಚರ್ಚೆಗೆ ಕರೆದಂತಾಗುತ್ತದೆ. ಒಂದೊಂದು ವಾಕ್ಯಕ್ಕೂ ಒಬ್ಬೊಬ್ಬರು ತಕರಾರು ತೆಗೆಯುತ್ತಾರೆ.

ಧಾಟಿಯ ಬಗ್ಗೆ ಒಂದು ಮಾತು. "ತಕ್ಕದ್ದು", "ಕೈಗೊಳ್ಳಲಾಗುವುದು" ಅಂದರೆ ಕಚೇರಿಯ ಸುತ್ತೋಲೆ ಓದಿದ ಹಾಗಿರುತ್ತದೆ. ಅದಕ್ಕೆ ಹೆದರಿ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ: "ಸಾಧ್ಯವಾದರೆ ಗೂಡಿನ ಫೋಟೋ ಹಾಕದಿದ್ದರೆ ಒಳ್ಳೆಯದಿತ್ತು." ಇದು ಇನ್ನೂ ಕೆಟ್ಟದ್ದು. ಮೆತ್ತಗಿನವರು ಪಾಲಿಸುತ್ತಾರೆ, ಜಾಣರು "ಒಳ್ಳೆಯದು ಅಂದಿದ್ದಿರಿ ಅಷ್ಟೇ, ಬೇಡ ಅನ್ನಲಿಲ್ಲವಲ್ಲ" ಅನ್ನುತ್ತಾರೆ. "ಹಾಕಬೇಡಿ" ಸಾಕು. ಅದರಲ್ಲಿ ಮರ್ಯಾದೆಯೂ ಇದೆ, ಅನುಮಾನಕ್ಕೆ ಜಾಗವೂ ಇಲ್ಲ.

ಎರಡು ನಿಯಮ ಒಂದಕ್ಕೊಂದು ಗುದ್ದಿದಾಗ

ಅದೇ ಪಟ್ಟಿಯಲ್ಲಿ ಇನ್ನೆರಡು ನಿಯಮಗಳಿದ್ದವು. ಒಂದು, "ಹಕ್ಕಿ ಗುರುತಿಸಲು ಕೇಳುವಾಗ ಸ್ಥಳ ಮತ್ತು ದಿನಾಂಕ ಕಡ್ಡಾಯ." ಇನ್ನೊಂದು, "ಅಪರೂಪದ ಹಕ್ಕಿಗಳ ಸ್ಥಳ ಬಹಿರಂಗಪಡಿಸಬಾರದು." ಎರಡೂ ಸರಿಯೇ. ಊರು, ಕಾಲ ಗೊತ್ತಿಲ್ಲದೆ ಎಷ್ಟೋ ಹಕ್ಕಿಗಳನ್ನು ಗುರುತಿಸುವುದು ಕಷ್ಟ. ಗೂಬೆ ಕೂರುವ ಮರ ಯಾವುದು ಅಂತ ಬರೆದರೆ ಮರುದಿನ ಅಲ್ಲಿ ಜನ ಸೇರುತ್ತಾರೆ. ಆದರೆ ಹೊಸಬರಿಗೆ ತನ್ನ ಹಕ್ಕಿ ಅಪರೂಪದ್ದೋ ಅಲ್ಲವೋ ಗೊತ್ತಿಲ್ಲ. ಅದನ್ನು ತಿಳಿಯಲೆಂದೇ ಕೇಳುತ್ತಿದ್ದಾರಲ್ವಾ! ಸ್ಥಳ ಬರೆದರೂ ತಪ್ಪು, ಬರೆಯದಿದ್ದರೂ ತಪ್ಪು.

ಇಂಥ ಕಡೆ ವಿನಾಯಿತಿ ಸೇರಿಸುತ್ತ ಹೋಗಬೇಡಿ. ಎರಡನ್ನೂ ಸೇರಿಸಿ ಒಂದು ಮಾಡಿ: "ಯಾವ ಹಕ್ಕಿ ಅಂತ ಕೇಳುವಾಗ ಜಿಲ್ಲೆ ಮತ್ತು ತಿಂಗಳು ಬರೆಯಿರಿ, ಅಷ್ಟು ಸಾಕು. ಮರ, ಕೆರೆ, ರಸ್ತೆಯ ಹೆಸರು ಯಾವ ಹಕ್ಕಿಗೂ ಬೇಡ." ಅಪರೂಪದ್ದೋ ಅಲ್ಲವೋ ಎಂಬ ತೀರ್ಮಾನವನ್ನು ಹೊಸಬರ ತಲೆಯಿಂದ ಇಳಿಸಿದ್ದಾಯಿತು, ಪಟ್ಟಿಯೂ ಒಂದು ಸಾಲು ಕಡಿಮೆಯಾಯಿತು.

ಹಳಬರಿಗೂ ಒಂದು ನಿಯಮ

ದಯವಿಟ್ಟು, ನಗುಮುಖದ ಚಿಹ್ನೆ, ಸ್ವಾಗತ ಸುಸ್ವಾಗತ: ಇವನ್ನು ತುಂಬಿದ ಮಾತ್ರಕ್ಕೆ ಪಟ್ಟಿ ಸ್ನೇಹದ್ದಾಗುವುದಿಲ್ಲ. ಗೊತ್ತಿಲ್ಲದವರನ್ನು ಗೊತ್ತಿರುವವರು ಹೇಗೆ ನಡೆಸಿಕೊಳ್ಳಬೇಕು ಅನ್ನುವುದೂ ಅದರಲ್ಲಿ ಇರಬೇಕು. ವಿಕಿಪೀಡಿಯದಲ್ಲಿ ಹೊಸಬರನ್ನು ಕಚ್ಚಬೇಡಿ ಎಂಬ ಅರ್ಥದ ಮಾರ್ಗಸೂಚಿಯೇ ಇದೆ. ಅದು ಹಳಬರನ್ನು ಉದ್ದೇಶಿಸಿ ಬರೆದದ್ದು. ನಮ್ಮ ಗುಂಪಿಗೆ ಹೀಗೆ ಬರೆಯಬಹುದು: "'ಇದು ಯಾವ ಹಕ್ಕಿ?' ಎಂಬ ಪ್ರಶ್ನೆ ಇಲ್ಲಿ ಎಷ್ಟು ಸಲ ಬೇಕಾದರೂ ಬರಬಹುದು. ಉತ್ತರಿಸುವವರು ಹೆಸರಿನ ಜೊತೆ ಒಂದು ಗುರುತನ್ನೂ ಹೇಳಿ. ಬೇಸರವಾದರೆ ಸುಮ್ಮನಿರಿ, ಅಣಕಿಸಬೇಡಿ." ಅಣಕಿಸಿದ ಹಳಬರ ಮಾತನ್ನು ಅಡ್ಮಿನ್ ನಿಜಕ್ಕೂ ತೆಗೆಯಬೇಕು. ಹತ್ತು ವರ್ಷದ ಸದಸ್ಯರು, ಒಳ್ಳೆಯ ಫೋಟೋ ತೆಗೆಯುತ್ತಾರೆ ಅಂತ ಬಿಟ್ಟರೆ ಪಟ್ಟಿಯ ಬೆಲೆ ಅಲ್ಲಿಗೆ ಮುಗಿಯಿತು.

ತಪ್ಪಾದ ಮೇಲೆ

ಸಾಮೂಹಿಕ ಸಂಪನ್ಮೂಲಗಳನ್ನು ಜನ ಹೇಗೆ ನಿಭಾಯಿಸುತ್ತಾರೆ ಎಂದು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಬಹುಕಾಲ ಬಾಳಿದ ವ್ಯವಸ್ಥೆಗಳಲ್ಲಿ ಒಂದು ಅಂಶ ಗುರುತಿಸಿದ್ದರು: ಶಿಕ್ಷೆ ಸಣ್ಣದರಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಮಗೂ ಅದು ಹೊಂದುತ್ತದೆ. ಮೊದಲ ಸಲ ಪೋಸ್ಟ್ ತೆಗೆದು ಮೆಸೇಜ್. ಎರಡನೇ ಸಲ ಒಂದು ತಿಂಗಳು ಅವರ ಪೋಸ್ಟ್‌ಗಳು ಅಡ್ಮಿನ್ ಒಪ್ಪಿದ ಮೇಲೇ ಕಾಣುವುದು. ಮೂರನೇ ಸಲ ಹೊರಗೆ. ಬೆದರಿಕೆ, ದ್ವೇಷದ ಮಾತು, ಖಾಸಗಿ ಮೆಸೇಜ್‌ನಲ್ಲಿ ಕಾಟ, ಇವಕ್ಕೆ ಮೆಟ್ಟಿಲಿಲ್ಲ, ನೇರ ಹೊರಗೆ.

ಮೊದಲ ಮೆಸೇಜನ್ನು ಮೊದಲೇ ಬರೆದಿಟ್ಟುಕೊಳ್ಳಿ. ಸಿಟ್ಟಿನಲ್ಲಿ ಬರೆದರೆ ಧಾಟಿ ಕೆಡುತ್ತದೆ.

> ನಮಸ್ಕಾರ. ನಿಮ್ಮ ಫೋಟೋದಲ್ಲಿ ಗೂಡಿನೊಳಗೆ ಮರಿ ಇರುವುದರಿಂದ ತೆಗೆದಿದ್ದೇವೆ. ಇದರಿಂದ ನಿಮಗೆ ಬೇರೆ ಯಾವ ತೊಂದರೆಯೂ ಇಲ್ಲ. ಮರಿಗಳು ಹಾರಿಹೋದ ಮೇಲೆ ಆ ಖಾಲಿ ಗೂಡಿನ ಫೋಟೋ ಖಂಡಿತ ಹಾಕಿ.

ಎಲ್ಲರೆದುರು ಹಾಕುವ ಪ್ರಕಟಣೆಯಲ್ಲಿ ಇನ್ನೊಂದು ಬಲೆ ಇದೆ. "ಇತ್ತೀಚೆಗೆ ತುಂಬಾ ಜನ ಗೂಡಿನ ಫೋಟೋ ಹಾಕುತ್ತಿದ್ದಾರೆ, ಇದು ಸರಿಯಲ್ಲ" ಅಂತ ಬರೆಯಬೇಡಿ. ಅಮೆರಿಕದ ಅರಿಜೋನಾದಲ್ಲಿ ಕಲ್ಲಾದ ಮರಗಳ ಒಂದು ರಾಷ್ಟ್ರೀಯ ಉದ್ಯಾನವಿದೆ. ಜನ ಆ ಮರಗಳ ಚೂರುಗಳನ್ನು ಕದಿಯುತ್ತಿದ್ದರು. ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ಅಲ್ಲಿ ಫಲಕ ಬದಲಿಸಿ ನೋಡಿದರು. ಹಿಂದೆ ಬಂದವರಲ್ಲಿ ಅನೇಕರು ಚೂರು ಒಯ್ದಿದ್ದಾರೆ ಎಂದು ಹೇಳುವ ಫಲಕವಿದ್ದಾಗ, ಗುರುತು ಮಾಡಿ ಇಟ್ಟಿದ್ದ ಚೂರುಗಳಲ್ಲಿ ಸುಮಾರು ಶೇ. 8 ಮಾಯವಾದವು. ಸುಮ್ನೆ ಒಯ್ಯಬೇಡಿ ಎಂದು ಕೋರುವ ಫಲಕವಿದ್ದಾಗ ಶೇ. 2ಕ್ಕೂ ಕಡಿಮೆ. ತುಂಬಾ ಜನ ಮಾಡುತ್ತಿದ್ದಾರೆ ಅನ್ನುವುದು ಕೇಳುವವರಿಗೆ ಅನುಮತಿಯ ಹಾಗೆ ಕೇಳಿಸುತ್ತದೆ.

ಎಲ್ಲಿ ಇಡಬೇಕು

ಸಂಶೋಧಕ ನೇಥನ್ ಮಟಾಯಸ್ ರೆಡಿಟ್ ಎಂಬ ಚರ್ಚಾ ತಾಣದ ಒಂದು ದೊಡ್ಡ ವಿಜ್ಞಾನ ಸಮುದಾಯದಲ್ಲಿ ಪ್ರಯೋಗ ನಡೆಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಚರ್ಚೆಗಳ ನೆತ್ತಿಯ ಮೇಲೆ ನಿಯಮಗಳನ್ನು ಅಂಟಿಸಿದರು, ಕೆಲವಕ್ಕೆ ಇಲ್ಲ. ಅಂಟಿಸಿದ ಕಡೆ ಹೊಸಬರು ನಿಯಮ ಪಾಲಿಸುವ ಪ್ರಮಾಣ 8 ಶೇಕಡಾ ಅಂಶ ಏರಿತು. ಹೊಸಬರ ಭಾಗವಹಿಸುವಿಕೆಯೂ ಸರಾಸರಿ ಶೇ. 70 ಹೆಚ್ಚಾಯಿತು. ನಿಯಮ ಕಂಡರೆ ಹೊಸಬರು ಹೆದರಿ ಹಿಂದೆ ಸರಿಯುತ್ತಾರೆ ಎಂಬ ಊಹೆಗೆ ಇದು ತದ್ವಿರುದ್ಧ. ಅದು ವಿಜ್ಞಾನದ ಗುಂಪು, ನಮ್ಮದು ಹವ್ಯಾಸದ್ದು, ಅಂಕಿ ಹಾಗೇ ಹೊಂದಬೇಕೆಂದಿಲ್ಲ. ಆದರೂ ನಿಯಮಗಳನ್ನು ಯಾವುದೋ ಮೂಲೆಯಲ್ಲಿ ಇಡುವ ಬದಲು ಬರೆಯುವ ಜಾಗದ ಹತ್ತಿರ ಇಡಲು ಇಷ್ಟು ಸಾಕು.

ಸೇರುವಾಗ ಪ್ರಶ್ನೆ ಕೇಳುವುದಾದರೆ "ನಿಯಮ ಓದಿದ್ದೀರಾ?" ಅಂತ ಕೇಳಬೇಡಿ. ಓದದವರೂ ಹೌದು ಅನ್ನುತ್ತಾರೆ. "ಮರಿ ಇರುವ ಗೂಡಿನ ಒಳ್ಳೆಯ ಫೋಟೋ ಸಿಕ್ಕಿದೆ. ಇಲ್ಲಿ ಯಾವಾಗ, ಏನು ಹಾಕಬಹುದು?" ಅಂತ ಕೇಳಿ. ಉತ್ತರಿಸಲು ಆ ನಾಲ್ಕು ಸಾಲು ಓದಲೇಬೇಕು.

ಉಳಿದ ನಿಯಮಗಳನ್ನು ಕತ್ತರಿಸುವುದು ಸುಲಭ. ಕಳೆದ ಮೂರು ತಿಂಗಳಲ್ಲಿ ತೆಗೆದ ಪೋಸ್ಟ್‌ಗಳನ್ನು ಮುಂದಿಟ್ಟುಕೊಂಡು, ಪ್ರತಿಯೊಂದರ ಪಕ್ಕ ಯಾವ ನಿಯಮದಿಂದ ತೆಗೆದದ್ದು ಅಂತ ಬರೆಯಿರಿ. ಒಮ್ಮೆಯೂ ಬಳಕೆಯಾಗದ ನಿಯಮವನ್ನು ಅಳಿಸಿ. ಬೆದರಿಕೆ, ಕಾಟದ ನಿಯಮ ಮಾತ್ರ ಬಳಕೆಯಾಗದಿದ್ದರೂ ಇರಲಿ. ಹದಿನೆಂಟು ಐದಾರಕ್ಕೆ ಇಳಿಯಬಹುದು. ಮುಂದೆ "ಇದನ್ನು ಹಾಕಬಹುದಾ?" ಎಂಬ ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ಹೊಸ ನಿಯಮ ಸೇರಿಸಬೇಡಿ. ಇರುವ ನಿಯಮದ ಮೂರನೇ ವಾಕ್ಯಕ್ಕೆ ಆ ಉತ್ತರವನ್ನು ಸೇರಿಸಿ. ಗೂಡಿನ ನಿಯಮದಲ್ಲಿ "ಗೂಡಿನಿಂದ ಹೊರಬಂದ ಮರಿ" ಎಂಬ ಮಾತು ಇರುವುದು ಅದಕ್ಕೇ.