ಕೆಲಸ ಸಿಗದಿದ್ದರೂ ರೆಫರ್ ಮಾಡಿದವರಿಗೆ ತಿಳಿಸಿ

ನೇಮಕಾತಿ ಕೆಲಸದಲ್ಲಿ ನನಗೆ ಮತ್ತೆ ಮತ್ತೆ ಬೇಸರ ತರಿಸುವ ಸಂಗತಿ ಒಂದಿದೆ. ಕೆಲಸ ಸಿಕ್ಕವರು ರೆಫರ್ ಮಾಡಿದವರಿಗೆ ಹೇಗೂ ಫೋನ್ ಮಾಡುತ್ತಾರೆ. ಸಿಗದವರು ಸುಮ್ಮನಾಗಿಬಿಡುತ್ತಾರೆ. ಯಾಕೆ ಅಂತ ಕೇಳಿದರೆ, "ಅವರ ಮುಖಕ್ಕೆ ಮಸಿ ಬಳಿದ ಹಾಗಾಯ್ತು ಸಾರ್. ಕಂಪನಿಯವರು ಹೇಗೂ ಹೇಳಿರ್ತಾರೆ ಅಲ್ವಾ?" ಅನ್ನುತ್ತಾರೆ.

ಹೇಳಿರುವುದಿಲ್ಲ. ಎಷ್ಟೋ ಕಡೆ ರೆಫರ್ ಮಾಡಿದವರಿಗೆ ಕಾಣುವುದು ಅರ್ಜಿ ಬಾಕಿ ಇದೆಯೋ ಮುಗಿಯಿತೋ ಅನ್ನುವುದಷ್ಟೇ. ಯಾವ ಸುತ್ತಿನಲ್ಲಿ ನಿಂತಿತು, ಏನು ಕಡಿಮೆಯಾಯಿತು ಅನ್ನುವುದನ್ನು ಎಚ್‌ಆರ್‌ನವರು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ. ಅದು ಗೊತ್ತಿರುವುದು ನಿಮಗೆ. ನೀವು ಹೇಳಿದರೆ ಮಾತ್ರ ಮುಂದೆ ನಿಮ್ಮ ಹೆಸರನ್ನು ಎಲ್ಲಿ ಹೇಳಬಹುದು ಅಂತ ಅವರಿಗೆ ತಿಳಿಯುತ್ತದೆ.

ನನ್ನ ಬಳಿ ಸಲಹೆಗೆ ಬರುತ್ತಿದ್ದ ಹುಡುಗಿಯೊಬ್ಬಳನ್ನು ಅವಳ ಹಳೆಯ ಸಹೋದ್ಯೋಗಿ ಡೇಟಾ ಕೆಲಸವೊಂದಕ್ಕೆ ರೆಫರ್ ಮಾಡಿದ್ದರು. ಇಂಟರ್‌ವ್ಯೂ ಆದ ಸಂಜೆಯೇ ಅವಳು ಥ್ಯಾಂಕ್ಸ್ ಹೇಳಿದ್ದಳು. ಅದು ಸರಿ. ಥ್ಯಾಂಕ್ಸ್ ಹೇಳುವುದು ಅವರು ಮಾಡಿದ ಸಹಾಯಕ್ಕೆ, ಅದಕ್ಕೆ ಫಲಿತಾಂಶ ಬರುವವರೆಗೆ ಕಾಯಬೇಕಿಲ್ಲ. ಒಂಬತ್ತನೇ ದಿನ "ಆಯ್ಕೆಯಾಗಿಲ್ಲ" ಅನ್ನುವ ಮೇಲ್ ಬಂತು. ಎರಡು ದಿನ ಅವಳು ಯಾರಿಗೂ ಹೇಳಲಿಲ್ಲ. ಆಮೇಲೆ ನಾವಿಬ್ಬರೂ ಕೂತು ಹೀಗೆ ಬರೆದೆವು:

"ನಮಸ್ತೆ ಸಾರ್, ನಾನು ಆಯ್ಕೆಯಾಗಲಿಲ್ಲ. ಮೊದಲ ಸುತ್ತು ಚೆನ್ನಾಗಿ ಆಯಿತು. ಎರಡನೆಯದರಲ್ಲಿ ಡೇಟಾ ಪೈಪ್‌ಲೈನ್ ಕಟ್ಟುವ ಬಗ್ಗೆ ಕೇಳಿದರು, ಆ ಅನುಭವ ನನಗೆ ಕಡಿಮೆ. ರಿಪೋರ್ಟ್ ಮತ್ತು ಡ್ಯಾಶ್‌ಬೋರ್ಡ್ ಕೆಲಸವೇ ನನಗೆ ಹೊಂದುತ್ತದೆ ಅನಿಸಿತು. ನನ್ನ ಹೆಸರು ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್."

ಅಷ್ಟೇ. ಕೇಳಿದ ಪ್ರಶ್ನೆಗಳನ್ನು ಒಂದೊಂದಾಗಿ ಬರೆಯಲಿಲ್ಲ, ಇಂಟರ್‌ವ್ಯೂ ಮಾಡಿದವರನ್ನು ದೂರಲಿಲ್ಲ. "ಯಾಕೆ ಬಿಟ್ಟರು ಅಂತ ಸ್ವಲ್ಪ ಕೇಳಿ ನೋಡಿ" ಅಂತಲೂ ಸೇರಿಸಲಿಲ್ಲ. ಆ ಒಂದು ಸಾಲು ಸೇರಿದರೆ ಥ್ಯಾಂಕ್ಸ್ ಹೋಗಿ ಇನ್ನೊಂದು ಕೋರಿಕೆಯಾಗುತ್ತದೆ.

ಮಾರನೇ ದಿನ ಅವರಿಂದ ಉತ್ತರ ಬಂತು. ರಿಪೋರ್ಟ್ ಮಾಡುವ ಬೇರೆ ತಂಡವೊಂದು ಅವರಿಗೆ ಗೊತ್ತಿತ್ತು. ರೆಸ್ಯೂಮೆ ಮತ್ತೊಮ್ಮೆ ಕಳಿಸಲು ಹೇಳಿದರು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಭರವಸೆ ಕೊಡಲಾರೆ. ಎಷ್ಟೋ ಸಲ "ಪರವಾಗಿಲ್ಲ" ಅನ್ನುವ ಒಂದು ಮಾತಷ್ಟೇ ಬರುತ್ತದೆ, ಅದೂ ಸಾಕು. ಆದರೆ ಅವಳು ಸುಮ್ಮನಿದ್ದಿದ್ದರೆ ಆ ತಂಡದ ವಿಷಯ ಅವಳ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಇದಕ್ಕಿಂತ ಜಾಸ್ತಿ ನೋವಾಗುವುದು ಆಫರ್ ಬಂದ ಮೇಲೆ ಬೇಡ ಅಂದು, ಅದನ್ನು ರೆಫರ್ ಮಾಡಿದವರಿಗೆ ತಿಳಿಸದಿದ್ದಾಗ. ಬೇಡ ಅನ್ನುವುದು ತಪ್ಪಲ್ಲ. ಹಿಂದೊಮ್ಮೆ ನಾನು ರೆಫರ್ ಮಾಡಿದ್ದ ಹುಡುಗ ಆಫರ್ ತಿರಸ್ಕರಿಸಿದ್ದು ನನಗೆ ಗೊತ್ತಾದದ್ದು ಆ ತಂಡದ ಮ್ಯಾನೇಜರ್ ಬಾಯಿಂದ. "ನಿಮ್ಮ ಹುಡುಗ ಯಾಕೆ ಬರಲಿಲ್ಲ?" ಅಂತ ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಹುಡುಗ ಒಳ್ಳೆಯವನೇ, ಅವನಿಗೆ ಹೊಳೆದಿರಲಿಲ್ಲ ಅಷ್ಟೇ. ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ: ಬೇಡ ಅನ್ನುವ ಮೇಲ್ ಕಳಿಸುವ ಮೊದಲು ರೆಫರ್ ಮಾಡಿದವರಿಗೆ ಎರಡು ನಿಮಿಷ ಫೋನ್ ಮಾಡಿ.