ಕರೆಂಟ್ ಬಂತು, ವೈಫೈ ಯಾಕೆ ಬರಲಿಲ್ಲ?

ಚಿಕ್ಕಮಗಳೂರಿನಿಂದ ಮಲ್ಲಂದೂರಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಭಾವನ ಕಾಫಿ ತೋಟ ಇದೆ. ತೋಟದ ಮನೆಯ ಪಕ್ಕದಲ್ಲೇ ನಾಲ್ಕು ಕೋಣೆಗಳ ಹೋಮ್‌ಸ್ಟೇ. ಜುಲೈ ಮಳೆಯಲ್ಲಿ ಅಲ್ಲಿ ಕರೆಂಟ್ ದಿನಕ್ಕೆ ನಾಲ್ಕೈದು ಸಲ ಹೋಗಿ ಬರುತ್ತದೆ. ಹೋದ ವರ್ಷ ನಾನು ಅಲ್ಲಿದ್ದಾಗಲೂ ಹಾಗೇ ಆಯಿತು. ರಾತ್ರಿ ಊಟದ ಹೊತ್ತಿಗೆ ಕರೆಂಟ್ ಹೋಯಿತು, ಐದು ನಿಮಿಷಕ್ಕೆ ಬಂತು. ಅತಿಥಿಯೊಬ್ಬರು ಲ್ಯಾಪ್‌ಟಾಪ್ ಹಿಡಿದು ಬಾಗಿಲಿಗೆ ಬಂದರು. ಮೀಟಿಂಗ್ ಅರ್ಧದಲ್ಲಿತ್ತು, ಕೊನೆಯಲ್ಲಿ 5ಜಿ ಅಂತ ಇರುವ ವೈಫೈ ಹೆಸರು ಕಾಣುತ್ತಿಲ್ಲ ಎಂದರು.

ಭಾವ ರೂಟರ್ ಆಫ್ ಮಾಡಿ ಆನ್ ಮಾಡಿದರು. ಒಂದೂವರೆ ನಿಮಿಷ ಕಾದರು. 5ಜಿ ಅಂತ ಇಲ್ಲದ ಹೆಸರು ಬಂತು, 5ಜಿ ಬರಲಿಲ್ಲ. ಮತ್ತೆ ಆಫ್, ಮತ್ತೆ ಆನ್. ಮೂರನೇ ಸಲಕ್ಕೆ ಸ್ವಿಚ್‌ಗೆ ಕೈ ಹಾಕುವಾಗ ನಾನು ತಡೆದೆ.

‘ಭಾವ, ತಾಳಿ. ಇನ್ನೊಂದು ನಿಮಿಷ ಮುಟ್ಟಬೇಡಿ.’

‘ಒಂದು ನಿಮಿಷದಲ್ಲಿ ಏನಾಗತ್ತೋ? ಇಷ್ಟೊತ್ತು ಕಾದಿದ್ದೀನಲ್ಲ.’

ಇನ್ನೊಂದು ನಿಮಿಷ ತುಂಬುವ ಮೊದಲೇ ಹೆಸರು ಬಂತು. ರೂಟರ್ ಕೆಟ್ಟಿರಲಿಲ್ಲ. ಮಾತಾಡುವ ಮೊದಲು ಅದು ಕಿವಿಗೊಟ್ಟು ಕೇಳುತ್ತಿತ್ತು. ಅದು ಕೇಳುತ್ತಿದ್ದದ್ದು ರಾಡಾರ್ ಸದ್ದಿಗಾಗಿ.

ಇಲ್ಲಿ 5ಜಿ ಅಂದರೆ ಮೊಬೈಲ್ ಕಂಪನಿಗಳ 5ಜಿ ಅಲ್ಲ, 5 ಗಿಗಾಹರ್ಟ್ಸ್. ಮನೆಯ ವೈಫೈಗೆ ಸಾಮಾನ್ಯವಾಗಿ ಎರಡು ದಾರಿ. 2.4 ಗಿಗಾಹರ್ಟ್ಸ್‌ನದು ದೂರ ಹೋಗುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್‌ನದು ವೇಗ. ಈ ವೇಗದ ದಾರಿಯನ್ನು ನಂಬರ್ ಇರುವ ಚಾನೆಲ್‌ಗಳಾಗಿ ಸೀಳಿದ್ದಾರೆ. 36ರಿಂದ 48ರವರೆಗೆ ಒಂದು ಗುಂಪು, 149ರಿಂದ ಮೇಲೆ ಇನ್ನೊಂದು. ಈ ಎರಡರಲ್ಲಿ ರಾಡಾರ್ ತಂಟೆ ಇಲ್ಲ. ನಡುವೆ ಇರುವ 52ರಿಂದ 64 ಮತ್ತು 100ರಿಂದ 144ರ ಚಾನೆಲ್‌ಗಳು ಮಾತ್ರ ಹಂಚಿಕೊಂಡ ಜಾಗ. ಅಲ್ಲಿ ಮೊದಲಿನಿಂದಲೂ ಮಳೆ ನೋಡುವ ರಾಡಾರ್, ಹಡಗಿನ ರಾಡಾರ್, ಸೇನೆಯ ರಾಡಾರ್ ಇವೆ. 2003ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೋ ಸಮ್ಮೇಳನ ವೈಫೈಗೂ ಅಲ್ಲಿ ಜಾಗ ಕೊಟ್ಟಿತು. ಷರತ್ತು ಒಂದೇ: ರಾಡಾರ್ ಕೇಳಿಸಿದರೆ ವೈಫೈ ಎದ್ದು ಹೋಗಬೇಕು. ಈ ಏರ್ಪಾಡಿಗೆ ಡಿಎಫ್‌ಎಸ್ ಎಂದು ಹೆಸರು, ಅಂದರೆ ಡೈನಮಿಕ್ ಫ್ರೀಕ್ವೆನ್ಸಿ ಸೆಲೆಕ್ಷನ್.

ಷರತ್ತು ಯಾಕೆ ಬೇಕಾಯಿತು ಅಂತ ತಿಳಿಯಲು ರಾಡಾರ್ ಕೆಲಸ ಮಾಡುವ ರೀತಿ ನೋಡಬೇಕು. ಹವಾಮಾನ ರಾಡಾರ್ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ಹೊತ್ತು ಭಾರಿ ಶಕ್ತಿಯಲ್ಲಿ ಒಂದು ಮಿಡಿತ ಬಿಡುತ್ತದೆ. ಆಮೇಲೆ ಸುಮ್ಮನಾಗಿ, ಮಳೆಹನಿಗೆ ಬಡಿದು ವಾಪಸ್ ಬರುವ ತೀರಾ ಸಣ್ಣ ಪ್ರತಿಧ್ವನಿಗೆ ಕಾಯುತ್ತದೆ. ಕೂಗಿದ್ದು ಲಕ್ಷಾಂತರ ವ್ಯಾಟ್, ಕೇಳಬೇಕಾದದ್ದು ಪಿಸುಮಾತು. ಆ ಹೊತ್ತಿನಲ್ಲಿ ಯಾವುದೋ ಮಾಡಿನ ಮೇಲಿನ ವೈಫೈ ಡಬ್ಬಿ ಅದೇ ಚಾನೆಲ್‌ನಲ್ಲಿ ಮಾತಾಡಿದರೆ ಪಿಸುಮಾತು ಮುಚ್ಚಿಹೋಗುತ್ತದೆ. ರಾಡಾರ್ ಪರದೆಯ ಮೇಲೆ ಆ ದಿಕ್ಕಿಗೆ ಚಕ್ರದ ಕಡ್ಡಿಯಂಥ ಪಟ್ಟೆ ಮೂಡುತ್ತದೆ. ಅದರ ಹಿಂದೆ ಮಳೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಪೋರ್ಟೊರಿಕೊದ ಸಾನ್ ಹ್ವಾನ್ ವಿಮಾನ ನಿಲ್ದಾಣದ ರಾಡಾರ್‌ಗೆ 2009ರಲ್ಲಿ ಹೀಗೇ ಆಯಿತು. ಹುಡುಕಿದಾಗ ಸಿಕ್ಕಿದ್ದು ಎತ್ತರದ ಜಾಗಗಳಲ್ಲಿ ನಿಲ್ಲಿಸಿದ್ದ ವೈರ್‌ಲೆಸ್ ಇಂಟರ್‌ನೆಟ್ ಉಪಕರಣಗಳು. ಡಿಎಫ್‌ಎಸ್ ಇಲ್ಲದೆ ಓಡಿಸಿದವರಿಗೆ ಅಲ್ಲಿ ದಂಡವನ್ನೂ ಹಾಕಿದರು.

ಹೂಮಳೆಗೆ ಆಕಾಶ ನೋಡುತ್ತಾ ಕೂರುವ ಕಾಫಿ ಬೆಳೆಗಾರರಿಗೆ ಮಳೆ ನೋಡುವ ರಾಡಾರ್ ಎಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಿಲ್ಲ. ನಮ್ಮ ಹವಾಮಾನ ಇಲಾಖೆಯ ಕೆಲವು ರಾಡಾರ್‌ಗಳೂ ಈ 5 ಗಿಗಾಹರ್ಟ್ಸ್ ಸೇರಿರುವ ಸಿ ಬ್ಯಾಂಡ್‌ನಲ್ಲಿ ಕೆಲಸ ಮಾಡುತ್ತವೆ. ಹಾಗಾಗಿ ಡಿಎಫ್‌ಎಸ್ ತಪ್ಪಿಸಲು ರೂಟರ್‌ನಲ್ಲಿ ದೇಶದ ಹೆಸರು ಬದಲಾಯಿಸಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಮಾಡಬೇಡಿ. ಅದರ ಅಗತ್ಯವೂ ಇಲ್ಲ, ಬೇರೆ ದಾರಿ ಇದೆ.

ಈಗ ಭಾವನ ರೂಟರ್‌ಗೆ ಬರೋಣ. ಅದು 100ನೇ ಚಾನೆಲ್‌ನಲ್ಲಿತ್ತು. ಆಟೋ ಅಂತ ಬಿಟ್ಟಿದ್ದರಿಂದ ತಾನೇ ಆರಿಸಿಕೊಂಡಿತ್ತು. ಡಿಎಫ್‌ಎಸ್ ಚಾನೆಲ್‌ನಲ್ಲಿ ಕೂರುವ ಮೊದಲು ರೂಟರ್ ಕಡೇಪಕ್ಷ 60 ಸೆಕೆಂಡ್ ಮೌನವಾಗಿ ಕೇಳಬೇಕು. ಆ ಹೊತ್ತಿನಲ್ಲಿ ತನ್ನ ಹೆಸರನ್ನೂ ಹೇಳುವಂತಿಲ್ಲ, ಅದಕ್ಕೇ ಫೋನ್‌ನ ಪಟ್ಟಿಯಲ್ಲಿ ಕಾಣುವುದಿಲ್ಲ. ರೂಟರ್ ಬೂಟ್ ಆಗಲು ಒಂದು ನಿಮಿಷ, ಕೇಳಲು ಇನ್ನೊಂದು ನಿಮಿಷ. ಭಾವ ಒಂದೂವರೆ ನಿಮಿಷಕ್ಕೆ ಆಫ್ ಮಾಡುತ್ತಿದ್ದರು, ಎಣಿಕೆ ಪ್ರತಿ ಸಲ ಮೊದಲಿನಿಂದ ಶುರುವಾಗುತ್ತಿತ್ತು. ಯುರೋಪಿನ ನಿಯಮದಲ್ಲಿ 120ರಿಂದ 128ರವರೆಗಿನ ಚಾನೆಲ್‌ಗಳು ಹವಾಮಾನ ರಾಡಾರ್‌ನ ಜಾಗ. ಅಲ್ಲಿ ಈ ಮೌನ ಪೂರಾ 10 ನಿಮಿಷ. ಆ ನಿಯಮ ಪಾಲಿಸುವ ರೂಟರ್ ಇದ್ದರೆ ಎಂಥವರಿಗೂ ಕೆಟ್ಟಿದೆ ಅಂತಲೇ ಅನಿಸುತ್ತದೆ ಅಲ್ವಾ?

ಶುರುವಾಗದಿರುವುದರ ಕಥೆ ಇಷ್ಟು. ನಡುವೆ ಕಡಿದುಹೋಗುವುದು ಬೇರೆ ಕಥೆ, ಅದೇ ಜಾಸ್ತಿ ಕಾಡುವುದು. ಮರುದಿನ ಸಂಜೆ ಕರೆಂಟ್ ಇದ್ದಾಗಲೇ 5ಜಿ ಮಾಯವಾಯಿತು. ಅದು ಲಿನಕ್ಸ್ ಮೇಲೆ ನಡೆಯುವ ಓಪನ್‌ಡಬ್ಲ್ಯುಆರ್‌ಟಿ ಎಂಬ ಸಾಫ್ಟ್‌ವೇರ್ ಹಾಕಿದ್ದ ರೂಟರ್. ಹಾಗಾಗಿ ಅದರ ದಿನಚರಿ, ಅಂದರೆ ಲಾಗ್, ನೋಡಬಹುದಿತ್ತು.

```
logread | grep DFS
```

ಬಂದ ಸಾಲುಗಳನ್ನು ಚಿಕ್ಕದಾಗಿಸಿ ಕೊಡುತ್ತೇನೆ:

```
DFS-RADAR-DETECTED freq=5500
DFS-NEW-CHANNEL freq=5260 chan=52
DFS-CAC-START freq=5260 chan=52 cac_time=60s
```

100ನೇ ಚಾನೆಲ್ ಅಂದರೆ 5500 ಮೆಗಾಹರ್ಟ್ಸ್. ಅಲ್ಲಿ ರಾಡಾರ್ ಕೇಳಿಸಿತು ಅಂತ ರೂಟರ್ ಬರೆದುಕೊಂಡಿದೆ. ಕೇಳಿಸಿದ ಮೇಲೆ 10 ಸೆಕೆಂಡಿನೊಳಗೆ ಚಾನೆಲ್ ಖಾಲಿ ಮಾಡಬೇಕು. ಆ 10 ಸೆಕೆಂಡಿನಲ್ಲೂ ಬಾಯಿ ಬಿಡಲು ಸಿಗುವುದು ಸೆಕೆಂಡಿನ ಒಂದು ಸಣ್ಣ ಪಾಲು. ಅಷ್ಟರಲ್ಲೇ ‘ನಾನು ಇಂಥ ಚಾನೆಲ್‌ಗೆ ಹೋಗುತ್ತಿದ್ದೇನೆ, ಬನ್ನಿ’ ಅಂತ ಎಲ್ಲರಿಗೂ ಸಾರಬೇಕು. ಬ್ಯಾಟರಿ ಉಳಿಸಲು ನಿದ್ದೆ ಮಾಡುತ್ತಿರುವ ಫೋನ್‌ಗೆ ಆ ಕೂಗು ಕೇಳಿಸದೇ ಹೋಗಬಹುದು. ಅದರ ಮಟ್ಟಿಗೆ ರೂಟರ್ ಇದ್ದಕ್ಕಿದ್ದಂತೆ ಸತ್ತಿತು.

ಇಲ್ಲಿ ಇನ್ನೊಂದು ತೊಂದರೆಯೂ ಸೇರಿಕೊಂಡಿತ್ತು. ಓಡಿಹೋಗಿ ಸೇರಿದ 52 ಕೂಡ ಡಿಎಫ್‌ಎಸ್ ಚಾನೆಲ್ಲೇ. ಅಲ್ಲಿ ಮತ್ತೆ 60 ಸೆಕೆಂಡ್ ಮೌನ, ಲಾಗ್‌ನಲ್ಲಿ CAC ಅಂತ ಇರುವುದು ಅದೇ. 36ಕ್ಕೆ ಹೋಗಿದ್ದರೆ ಕಾಯುವ ಮಾತೇ ಇರಲಿಲ್ಲ. ಬಿಟ್ಟುಬಂದ 100ಕ್ಕೆ 30 ನಿಮಿಷ ವಾಪಸ್ ಹೋಗುವಂತಿಲ್ಲ. ಅರ್ಧ ಗಂಟೆ ಆದ ಮೇಲೆ ಕೆಲವು ರೂಟರ್‌ಗಳು ಹಳೇ ಚಾನೆಲ್‌ಗೇ ಮರಳುತ್ತವೆ, ಆಗ ಇನ್ನೊಂದು ಸಲ ಕಡಿಯುತ್ತದೆ.

ಆದರೆ ಆ ತೋಟಕ್ಕೆ ರಾಡಾರ್ ಎಲ್ಲಿಂದ ಬಂತು? ಸುತ್ತ ಗುಡ್ಡ, ಸಿಲ್ವರ್ ಮರ, ಮೆಣಸಿನ ಬಳ್ಳಿ. ನನ್ನ ಅಂದಾಜಿನಲ್ಲಿ ಅದು ರಾಡಾರೇ ಅಲ್ಲ. ರೂಟರ್‌ಗೆ ರಾಡಾರ್ ಗುರುತು ಸಿಗುತ್ತದೋ ಇಲ್ಲವೋ ಅಂತ ನೋಡುವ ಅಮೆರಿಕದ ಪರೀಕ್ಷೆಯ ಒಂದು ಮಾದರಿ ನೋಡಿ: 1 ಮೈಕ್ರೋಸೆಕೆಂಡಿನ 18 ಮಿಡಿತ, ಒಂದರಿಂದ ಇನ್ನೊಂದಕ್ಕೆ 1428 ಮೈಕ್ರೋಸೆಕೆಂಡ್ ಅಂತರ. ಎಲ್ಲ ಸೇರಿ ಸೆಕೆಂಡಿನ ನಲವತ್ತನೇ ಒಂದು ಪಾಲು. ಅಷ್ಟರಲ್ಲಿ ರೂಟರ್ ಗುರುತು ಹಿಡಿಯಬೇಕು, ಅದೂ ತಾನು ಮಾತಾಡುವುದರ ನಡುವೆ ಸಿಗುವ ಬಿಡುವಿನಲ್ಲಿ. ಕಂಪನಿಗಳಿಗೆ ಈ ಪರೀಕ್ಷೆ ಪಾಸಾಗಲೇಬೇಕು. ಕಿವಿ ಮಂದವಾದರೆ ರೂಟರ್ ಮಾರುವಂತಿಲ್ಲ, ಕಿವಿ ತೀರಾ ಚುರುಕಾದರೆ ಗ್ರಾಹಕನಿಗೆ ಆಗಾಗ ಕಡಿಯುತ್ತದೆ. ಅವರು ಯಾವ ಕಡೆ ವಾಲುತ್ತಾರೆ ಅನ್ನುವುದು ಗೊತ್ತೇ ಇದೆ. ಹೀಗಾಗಿ ಅರ್ಧಂಬರ್ಧ ಕೇಳಿಸಿದ ಇನ್ನೊಂದು ವೈಫೈಯ ತುಣುಕುಗಳು ಸಮ ಅಂತರದಲ್ಲಿ ಬಿದ್ದರೂ ರೂಟರ್ ಅದನ್ನು ರಾಡಾರ್ ಅಂದುಕೊಳ್ಳಬಹುದು.

ನಿಜವೋ ಸುಳ್ಳೋ ತಿಳಿಯುವ ಬಗೆ ಸುಲಭದ್ದಲ್ಲ, ಆದರೆ ಸುಳಿವು ಸಿಗುತ್ತದೆ. ನಿಜವಾದ ರಾಡಾರ್ ತನ್ನ ಫ್ರೀಕ್ವೆನ್ಸಿ ಬಿಟ್ಟು ಕದಲುವುದು ಕಡಿಮೆ. ಹಾಗಾಗಿ ಪ್ರತಿ ಸಲ ಒಂದೇ ಚಾನೆಲ್‌ನ ಆಸುಪಾಸಿನಲ್ಲಿ ಸಿಗುತ್ತದೆ, ಹಗಲು ರಾತ್ರಿ ಅನ್ನದೆ ಸಿಗುತ್ತದೆ, ಪಕ್ಕದ ರೂಟರ್‌ಗೂ ಸಿಗುತ್ತದೆ. ನಮ್ಮ ಲಾಗ್‌ನಲ್ಲಿ ನಾಲ್ಕು ದಿನದಲ್ಲಿ ಮೂರು ಸಲ ಬಂದಿತ್ತು: 100ರಲ್ಲಿ ಒಮ್ಮೆ, 52ರಲ್ಲಿ ಒಮ್ಮೆ, 132ರಲ್ಲಿ ಒಮ್ಮೆ. ಮೂರೂ ಸಲ ಅತಿಥಿಗಳು ತುಂಬಿದ್ದ ಸಂಜೆ ಹೊತ್ತು.

ಲಾಗ್ ನೋಡಲು ಬರದ ರೂಟರ್ ಆದರೂ ಗುರುತು ಹಿಡಿಯಬಹುದು. ಕಡಿದಾಗ 2.4ರ ಹೆಸರು ಹಾಗೇ ಇದ್ದು 5ಜಿ ಹೆಸರು ಮಾತ್ರ ಹೋಗಿದ್ದರೆ, ಒಂದೆರಡು ನಿಮಿಷದಲ್ಲಿ ಬೇರೆ ಚಾನೆಲ್ ನಂಬರ್‌ನಲ್ಲಿ ಬಂದರೆ, ಡಿಎಫ್‌ಎಸ್ ಮೇಲೆ ಅನುಮಾನ ಪಡಿ. ಎರಡೂ ಹೆಸರು ಇದ್ದು ಇಂಟರ್‌ನೆಟ್ ಮಾತ್ರ ಇಲ್ಲ ಅಂದರೆ ಅದು ಕೇಬಲ್ಲಿನದೋ ಇಂಟರ್‌ನೆಟ್ ಕಂಪನಿಯದೋ ತೊಂದರೆ ಇರಬಹುದು. ಇನ್ನೊಂದು ಬಗೆಯೂ ಉಂಟು: ಫೋನ್‌ಗೆ ಕಾಣುವ ಹೆಸರು ಟಿವಿಗೆ ಯಾವತ್ತೂ ಕಾಣುವುದಿಲ್ಲ. ಕೆಲವು ಟಿವಿ, ಹಳೇ ಲ್ಯಾಪ್‌ಟಾಪ್‌ಗಳಿಗೆ ಈ ನಡುವಿನ ಚಾನೆಲ್‌ಗಳು ಬರುವುದೇ ಇಲ್ಲ.

ನಾವು ಮಾಡಿದ್ದು ಇಷ್ಟೇ. ಆಟೋ ತೆಗೆದು ಚಾನೆಲ್ 36 ಅಂತ ಕೂರಿಸಿದೆವು, ಅಗಲ 80 ಮೆಗಾಹರ್ಟ್ಸ್. ಆಗ ಅದು 36ರಿಂದ 48ರವರೆಗಿನ ನಾಲ್ಕು ಚಾನೆಲ್ ಬಳಸುತ್ತದೆ, ರಾಡಾರ್ ಜಾಗಕ್ಕೆ ಕಾಲಿಡುವುದಿಲ್ಲ. ವೇಗ ಜಾಸ್ತಿ ಸಿಗಲಿ ಅಂತ 160 ಇಡೋಣ ಎಂದರು ಭಾವ. ಬೇಡ ಎಂದೆ. ಅಷ್ಟು ಅಗಲ ಮಾಡಿದರೆ 64ರವರೆಗೆ ಹರಡುತ್ತದೆ, ಅರ್ಧ ಭಾಗ ಡಿಎಫ್‌ಎಸ್ ಒಳಗೆ ಬೀಳುತ್ತದೆ. 36 ಅಂತ ಬರೆದಿದ್ದರೂ ಮತ್ತೆ ಅದೇ ಒಂದು ನಿಮಿಷದ ಮೌನ. ಆ ರಾತ್ರಿಯೇ ಕರೆಂಟ್ ಹೋಗಿ ಬಂತು. ಎರಡೂ ಹೆಸರು ಒಟ್ಟಿಗೇ ಬಂದವು.

ಹಾಸನದ ನಮ್ಮ ಮನೆಯಲ್ಲಿ ಮಾತ್ರ ನಾನು ಹೀಗೆ ಮಾಡಿಲ್ಲ. ತೋಟದಲ್ಲಿ ನೆರೆಮನೆ ಇಲ್ಲ, 36 ಪೂರ್ತಿ ಅವರದೇ. ನಮ್ಮ ಬೀದಿಯಲ್ಲಿ ಎಣಿಸಿದರೆ 36ರ ಗುಂಪಿನಲ್ಲೇ ಒಂಬತ್ತು ಮನೆಯ ರೂಟರ್‌ಗಳಿವೆ. ಸಂಜೆಯಾದರೆ ಎಲ್ಲರೂ ಸಿನಿಮಾ ನೋಡುವವರೇ. 100ರಲ್ಲಿ ನಾನೊಬ್ಬನೇ. ಇಲ್ಲಿಯವರೆಗೆ ಸುಳ್ಳು ರಾಡಾರ್ ಎರಡೇ ಸಲ ಬಂದಿದೆ, ಅದೂ ಎಂಟು ತಿಂಗಳಲ್ಲಿ. ಕರೆಂಟ್ ಬಂದ ಮೇಲೆ ಎರಡು ನಿಮಿಷ ಕಾಯುತ್ತೇನೆ, ಅಷ್ಟರಲ್ಲಿ ಒಲೆ ಮೇಲೆ ಕಾಫಿಗೆ ಹಾಲು ಕಾದಿರುತ್ತದೆ.