ನೀಲಿ ನಂಬರ್ ಪ್ಲೇಟಿನ ಗಾಡಿ ಗುದ್ದಿದರೆ

“ವಕೀಲರೇ, ನೀಲಿ ಪ್ಲೇಟಿನ ಗಾಡಿ ಗುದ್ದಿದರೆ ಕೇಸೇ ಹಾಕಲಿಕ್ಕಿಲ್ಲವಂತೆ, ಹೌದಾ?” ಎಂದು ಮಂಜೇಶ್ವರ ಕಡೆಯ ಕಕ್ಷಿದಾರರೊಬ್ಬರು ಕೇಳಿದರು. ನೀಲಿ ಪ್ಲೇಟು ಇರುವುದು ವಿದೇಶಿ ರಾಜತಾಂತ್ರಿಕ ಕಚೇರಿಗಳ ಗಾಡಿಗಳಿಗೆ. ಆದರೆ ಪ್ಲೇಟು ನೋಡಿ ಹೇಳುವ ಮಾತಲ್ಲ ಇದು. ಸ್ಟಿಯರಿಂಗ್ ಹಿಡಿದವರು ಯಾರೆಂದು ಮೊದಲು ಗೊತ್ತಾಗಬೇಕು.

ಉಪ್ಪಳದಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಅಂಥ ಕಾರೊಂದು ಸ್ಕೂಟರಿಗೆ ಬಡಿದು, ಸವಾರನ ಕಾಲು ಮುರಿಯಿತು ಎಂದಿಟ್ಟುಕೊಳ್ಳಿ. ನೀಲಿ ಪ್ಲೇಟಿನ ಬಿಳಿ ಅಂಕಿಗಳ ನಡುವೆ ‘ಸಿಸಿ’ ಎಂದಿದ್ದರೆ ಗಾಡಿ ಕಾನ್ಸುಲೇಟಿನದು, ‘ಸಿಡಿ’ ಎಂದಿದ್ದರೆ ರಾಯಭಾರ ಕಚೇರಿಯದು. ಈ ಒಂದು ಅಕ್ಷರದ ವ್ಯತ್ಯಾಸದ ಹಿಂದೆ ಎರಡು ಬೇರೆ ಒಪ್ಪಂದಗಳಿವೆ. ರಾಯಭಾರಿಗಳಿಗೆ 1961ರ ವಿಯೆನ್ನಾ ಒಪ್ಪಂದ, ಕಾನ್ಸುಲ್‌ಗಳಿಗೆ 1963ರದ್ದು. ಎರಡನೆಯದರ ರಕ್ಷಣೆ ತುಂಬ ತೆಳು.

ಕಾರು ಓಡಿಸುತ್ತಿದ್ದವರು ಕಾನ್ಸುಲ್ ಎನ್ನೋಣ. ಇಲ್ಲಿನ ನ್ಯಾಯಾಲಯಗಳ ವಿಚಾರಣೆಯಿಂದ ಅವರಿಗೆ ವಿನಾಯಿತಿ ಇರುವುದು ಕಚೇರಿ ಕೆಲಸಕ್ಕೆ ಮಾತ್ರ. ಗೆಳೆಯರ ಮನೆಯ ಊಟಕ್ಕೆ ಮಂಗಳೂರಿಗೆ ಹೊರಟಿದ್ದರೆ ಅದು ಕಚೇರಿ ಕೆಲಸವಲ್ಲ, ಕ್ರಿಮಿನಲ್ ಕೇಸು ನಡೆಯಬಹುದು. ಆದರೆ ಘೋರ ಅಪರಾಧವಾಗಿರದೆ, ಅದರ ಮೇಲೆ ನ್ಯಾಯಾಲಯದ ಆದೇಶವೂ ಇಲ್ಲದೆ, ಎಸ್‌ಐ ಅವರನ್ನು ಬಂಧಿಸುವಂತಿಲ್ಲ. ಇನ್ನು ಪರಿಹಾರದ ಮಾತು. 1963ರ ಒಪ್ಪಂದದ 43ನೇ ವಿಧಿ ವಾಹನ ಅಪಘಾತದ ಸಿವಿಲ್ ದಾವೆಯನ್ನು ವಿನಾಯಿತಿಯಿಂದ ಹೊರಗಿಟ್ಟಿದೆ. ಕಾನ್ಸುಲ್ ಡ್ಯೂಟಿಯಲ್ಲೇ ಇದ್ದರೂ ಅಷ್ಟೇ. ಗಾಡಿಗೆ ವಿಮೆ ಮಾಡಿಸಬೇಕೆಂದು 56ನೇ ವಿಧಿ ಹೇಳುತ್ತದೆ. ಹಾಗಾಗಿ ಸ್ಕೂಟರಿನವರು ಕಾಸರಗೋಡಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಾದ ಎಂಎಸಿಟಿಯಲ್ಲಿ ಅರ್ಜಿ ಹಾಕಬಹುದು, ವಿಮಾ ಕಂಪನಿಯನ್ನೂ ಎದುರುದಾರರನ್ನಾಗಿ ಸೇರಿಸಬಹುದು. ಓಡಿಸುತ್ತಿದ್ದವರು ಕಾನ್ಸುಲೇಟ್ ಸಂಬಳಕ್ಕಿಟ್ಟ ನಮ್ಮೂರಿನ ಡ್ರೈವರ್ ಆಗಿದ್ದರಂತೂ ಆತನಿಗೆ ಒಪ್ಪಂದದಿಂದ ಹೇಳಿಕೊಳ್ಳುವಂಥ ಕವಚವೇ ಇಲ್ಲ.

‘ಸಿಡಿ’ ಕಾರಿನಲ್ಲಿ ರಾಯಭಾರ ಕಚೇರಿಯ ಕಾರ್ಯದರ್ಶಿ ದರ್ಜೆಯ ರಾಜತಾಂತ್ರಿಕರೇ ಇದ್ದರೆ ಕಷ್ಟ. ಅವರನ್ನು ಬಂಧಿಸುವಂತಿಲ್ಲ, ಕ್ರಿಮಿನಲ್ ಮೊಕದ್ದಮೆ ಸಾಗದು, ಸಿವಿಲ್ ದಾವೆಗೆ ಇರುವ ಮೂರು ಅಪವಾದಗಳಲ್ಲಿ ಅಪಘಾತ ಸೇರಿಲ್ಲ. ಹಾಗೆಂದು ಪೊಲೀಸರು ಕೈಕಟ್ಟಿ ನಿಲ್ಲಬೇಕಾಗಿಲ್ಲ. ಮಹಜರು ಮಾಡಬಹುದು, ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳಬಹುದು. ಕುಡಿದಿದ್ದಾರೆಂದು ಕಂಡರೆ ಮತ್ತೆ ಗಾಡಿ ಓಡಿಸದಂತೆ ತಡೆಯಬಹುದು. ಅಪರಾಧ ನಡೆಯುತ್ತಿರುವಾಗಲೇ ಅದನ್ನು ತಡೆಯಲು ರಾಜತಾಂತ್ರಿಕರನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳಬಹುದೆಂದು ಅಂತರರಾಷ್ಟ್ರೀಯ ನ್ಯಾಯಾಲಯ 1980ರ ಟೆಹ್ರಾನ್ ಒತ್ತೆಯಾಳು ತೀರ್ಪಿನಲ್ಲಿ ಹೇಳಿದೆ.

ವಿನಾಯಿತಿ ಆ ವ್ಯಕ್ತಿಯ ಸೊತ್ತಲ್ಲ, ಕಳುಹಿಸಿದ ದೇಶದ್ದು. ಬಿಟ್ಟುಕೊಡುವ ಹಕ್ಕೂ ಆ ದೇಶದ್ದೇ. 1997ರಲ್ಲಿ ವಾಷಿಂಗ್ಟನ್ನಿನಲ್ಲಿ ಜಾರ್ಜಿಯಾದ ರಾಜತಾಂತ್ರಿಕರೊಬ್ಬರು ಕುಡಿದು ಕಾರು ಓಡಿಸಿ 16ರ ಹುಡುಗಿಯೊಬ್ಬಳ ಸಾವಿಗೆ ಕಾರಣರಾದರು. ಅವರ ದೇಶ ವಿನಾಯಿತಿ ಕೈಬಿಟ್ಟಿತು, ಅವರು ಅಮೆರಿಕದಲ್ಲೇ ಜೈಲಿಗೆ ಹೋದರು. ದೇಶ ಒಪ್ಪದಿದ್ದರೆ ನಮ್ಮ ಸರ್ಕಾರಕ್ಕೆ ಉಳಿಯುವ ದೊಡ್ಡ ಅಸ್ತ್ರ, ಕಾರಣವನ್ನೂ ಕೊಡದೆ ಅವರನ್ನು ಅನಪೇಕ್ಷಿತ ವ್ಯಕ್ತಿ ಎಂದು ವಾಪಸ್ ಕಳುಹಿಸುವುದು. ಒಪ್ಪದಿರುವುದು ಆ ದೇಶದ ತಪ್ಪಾಗುವುದಿಲ್ಲ. ಕೇಳಲು ಅಸಹ್ಯ ಎನಿಸಬಹುದು, ಕಾನೂನು ಇರುವುದು ಹಾಗೆಯೇ.

ಈಗ ಪ್ರಸಂಗ ತಿರುಗಿಸೋಣ. ಜನ ಸೇರಿ ಗಲಾಟೆಯಾಯಿತು, ಒತ್ತಡಕ್ಕೆ ಸಿಕ್ಕ ಎಸ್‌ಐ ಆ ಕಾರ್ಯದರ್ಶಿಯನ್ನು ಲಾಕಪ್ಪಿಗೆ ಹಾಕಿದರು. ಆ ಕ್ಷಣದಿಂದ ತಪ್ಪಿತಸ್ಥ ಸ್ಥಾನದಲ್ಲಿ ನಿಲ್ಲುವುದು ಭಾರತ. ‘ಕೇರಳ ಪೊಲೀಸರು ಮಾಡಿದ್ದು, ದೆಹಲಿಗೆ ಗೊತ್ತಿರಲಿಲ್ಲ’ ಎಂಬ ವಾದ ಅಲ್ಲಿ ನಡೆಯದು, ಠಾಣೆಯ ಎಸ್‌ಐ ಕೂಡ ಅಂತರರಾಷ್ಟ್ರೀಯ ಕಾನೂನಿನ ಕಣ್ಣಿಗೆ ದೇಶದ ಅಂಗವೇ. ಅಧಿಕಾರ ಮೀರಿ ಮಾಡಿದ್ದರೂ ಅಷ್ಟೇ. ಬಂಧನದಲ್ಲಿದ್ದ ಜರ್ಮನಿಯ ಇಬ್ಬರು ಸೋದರರಿಗೆ ತಮ್ಮ ಕಾನ್ಸುಲೇಟಿಗೆ ಸುದ್ದಿ ಮುಟ್ಟಿಸುವ ಹಕ್ಕಿದೆಯೆಂದು ಅರಿಜೋನಾ ರಾಜ್ಯದ ಅಧಿಕಾರಿಗಳು ತಿಳಿಸಿರಲಿಲ್ಲ. ಅಂತರರಾಷ್ಟ್ರೀಯ ನ್ಯಾಯಾಲಯದ 2001ರ ಲಾಗ್ರಾಂಡ್ ತೀರ್ಪಿನಲ್ಲಿ ಅದರ ಹೊಣೆ ಇಡೀ ಅಮೆರಿಕದ ಮೇಲೆ ಬಿತ್ತು.

ವಿನಾಯಿತಿ ಇದ್ದಲ್ಲಿ ಹೊಣೆಯೇ ಇಲ್ಲ ಎಂಬ ತಿಳಿವಳಿಕೆ ತಪ್ಪೆಂದು ಕೇರಳದ ಕಡಲೇ ತೋರಿಸಿದೆ. 2012ರ ಫೆಬ್ರವರಿಯಲ್ಲಿ ‘ಎನ್ರಿಕಾ ಲೆಕ್ಸಿ’ ಹಡಗಿನಲ್ಲಿದ್ದ ಇಟಲಿಯ ನೌಕಾ ಸೈನಿಕರ ಗುಂಡಿಗೆ ಇಬ್ಬರು ಮೀನುಗಾರರು ಬಲಿಯಾದರು. ಆ ಸೈನಿಕರು ಕರ್ತವ್ಯದಲ್ಲಿದ್ದ ಇಟಲಿಯ ಸರ್ಕಾರಿ ನೌಕರರು, ಭಾರತ ವಿಚಾರಣೆ ನಡೆಸುವಂತಿಲ್ಲ ಎಂದು 2020ರಲ್ಲಿ ಮಧ್ಯಸ್ಥ ನ್ಯಾಯಮಂಡಳಿ ತೀರ್ಮಾನಿಸಿತು. ಅದೇ ತೀರ್ಪಿನಲ್ಲಿ ಇಟಲಿ ಪರಿಹಾರ ಕೊಡಬೇಕೆಂದೂ ಹೇಳಿತು. ಇಟಲಿ ಕೊಟ್ಟ 10 ಕೋಟಿ ರೂಪಾಯಿಯಲ್ಲಿ ಎರಡು ಕುಟುಂಬಗಳಿಗೆ ತಲಾ 4 ಕೋಟಿ, ದೋಣಿ ಮಾಲೀಕರಿಗೆ 2 ಕೋಟಿ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹಂಚಿತು.

ಉಪ್ಪಳದ ಸ್ಕೂಟರಿಗೆ ಆ ದಾರಿ ಅಷ್ಟು ಸಲೀಸಲ್ಲ. ಊಟಕ್ಕೆ ಹೊರಟವರ ಖಾಸಗಿ ಓಡಾಟ ಅವರ ದೇಶದ ಕೃತ್ಯವೆನಿಸದು, ಮೇಲಾಗಿ ವಿದೇಶಿ ಸರ್ಕಾರದ ಮೇಲೆ ಇಲ್ಲಿ ಸಿವಿಲ್ ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೇ ಕಲಮಿನಂತೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಹಾಗಾಗಿ ನಾನು ಮೊದಲು ಕೇಳುವುದು ಪ್ಲೇಟಿನ ಫೋಟೋ, ಓಡಿಸುತ್ತಿದ್ದವರ ಗುರುತಿನ ಚೀಟಿಯ ವಿವರ, ವಿಮೆಯ ಪಾಲಿಸಿ ನಂಬರ್.